ಖಾಲಿ ಕಾಲಂ ಖಾಲಿಯೇ ಇರಲಿ

ಅಮೆರಿಕದಲ್ಲಿರುವ ಮಗ ಗ್ರೀನ್ ಕಾರ್ಡಿಗೆ ಅರ್ಜಿ ಹಾಕುವಾಗ ಊರಿನ ಟ್ರಂಕಿನಿಂದ 1982ರ ಜನನ ಪ್ರಮಾಣಪತ್ರ ಹೊರಬರುತ್ತದೆ. ಅಪ್ಪ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಅನುವಾದಕರ ಕೈಗೆ ಬರುವುದು ಆ ಫೋಟೊ ಮಾತ್ರ.

ಮಾಮೂಲಿ ಫೋಟೊ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಕುಗ್ಗಿಸುತ್ತದೆ. ಮೊದಲು ಅಳಿಸಿಹೋಗುವುದು ಮೊಹರಿನ ಸಣ್ಣಕ್ಷರ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಬೇಕು. ಹಾಳೆಯ ನಾಲ್ಕೂ ಅಂಚು ಕಾಣಬೇಕು, ಹಿಂಬದಿಯೂ ಬೇಕು. ಎಷ್ಟೋ ಸಲ ನಕಲು ಕೊಟ್ಟ ದಿನಾಂಕ ಇರುವುದೇ ಬೆನ್ನ ಮೇಲೆ.

ಇನ್ನು ಕೈಬರಹ. ಕನ್ನಡದ ೬ ಮತ್ತು ೯ ಅವಸರದ ಬರವಣಿಗೆಯಲ್ಲಿ ಒಂದೇ ಥರ ಕಾಣುತ್ತವೆ. ಜನನದ ತಿಂಗಳು ಆರೋ ಒಂಬತ್ತೋ ಎಂಬ ಅನುಮಾನ ಬಂದರೆ ನೋಂದಣಿ ದಿನಾಂಕ ನೋಡಬೇಕು. ಅದು ಜುಲೈ ತಿಂಗಳದ್ದಾದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹುಟ್ಟಿದ ಮಗು ಆಗಲೇ ದಾಖಲಾಗಿರಲು ಸಾಧ್ಯವಿಲ್ಲ. ಅನುವಾದದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯುವುದು ಕ್ಷೇಮ. ಅಮೆರಿಕದವರು ತಿಂಗಳನ್ನು ಮೊದಲು ಓದುವುದರಿಂದ 4/5 ಎಂದು ಬಿಟ್ಟರೆ ಮೇ ನಾಲ್ಕು ಏಪ್ರಿಲ್ ಐದಾಗುತ್ತದೆ.

ನಿಜವಾದ ತೊಡಕು ಮಗುವಿನ ಹೆಸರಿನ ಕಾಲಮ್ಮಿನದು. ಹಳೆಯ ಪತ್ರಗಳಲ್ಲಿ ಅಲ್ಲಿ ಬರೀ ಗೆರೆ ಇರುವುದುಂಟು. ನಾಮಕರಣಕ್ಕೆ ಮೊದಲೇ ಜನನ ದಾಖಲಾಗಿರುತ್ತಿತ್ತು, ಆಮೇಲೆ ಹೆಸರು ಸೇರಿಸಲು ಯಾರೂ ಹೋಗಿರುವುದಿಲ್ಲ. ‘ಪಾಸ್‌ಪೋರ್ಟಿನಲ್ಲಿರುವ ಹೆಸರು ಹಾಕಿಬಿಡಿ’ ಎನ್ನುತ್ತಾರೆ ಮನೆಯವರು. ಹಾಕಬಾರದು. ಆ ಜಾಗದಲ್ಲಿ ಚೌಕ ಕಂಸದೊಳಗೆ ‘ಖಾಲಿ’ ಎಂಬ ಅರ್ಥದ ಟಿಪ್ಪಣಿ ಬರೆಯಬೇಕು, ಅಷ್ಟೇ. ಹೆಸರು ಸೇರಿಸುವ ಅಧಿಕಾರ ಇರುವುದು ಜನನ ನೋಂದಣಾಧಿಕಾರಿಗೆ. 1969ರ ನೋಂದಣಿ ಕಾಯ್ದೆಯ 14ನೇ ಕಲಂ ಇರುವುದೇ ಅದಕ್ಕೆ. ತಂದೆಯ ಹೆಸರಿನ ಇನಿಷಿಯಲ್ಲನ್ನೂ ಬಿಡಿಸಿ ಬರೆಯುವಂತಿಲ್ಲ.

ಮೂಲದಲ್ಲಿ ಯಾವ ಸಾಲಿನಲ್ಲಿ ಏನಿದೆಯೋ ಅನುವಾದದ ಕೋಷ್ಟಕದಲ್ಲೂ ಅದೇ ಸಾಲು, ಅದೇ ಕ್ರಮಸಂಖ್ಯೆ ಇರಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಅಧಿಕಾರಿಗೆ ಕನ್ನಡ ಬರುವುದಿಲ್ಲವಲ್ಲ. ಮೊಹರನ್ನು ಮಾತ್ರ ಫೋಟೊದಿಂದ ಕತ್ತರಿಸಿ ಅಂಟಿಸಬೇಡಿ. ಹಾಗೆ ಮಾಡಿದರೆ ಅನುವಾದವೇ ಸರ್ಕಾರಿ ಪತ್ರದಂತೆ ಕಂಡು ಖೋಟಾ ಎಂಬ ಸಂಶಯಕ್ಕೆ ದಾರಿಯಾಗುತ್ತದೆ. ಅದೇ ಜಾಗದಲ್ಲಿ ಮಾತಿನಲ್ಲಿ ಹೇಳಿದರೆ ಸಾಕು: [ನೇರಳೆ ಶಾಯಿಯ ದುಂಡು ಮೊಹರು: ‘ತಾಲ್ಲೂಕು ಕಚೇರಿ’, ಉಳಿದದ್ದು ಓದಲಾಗದು, ಮೊಹರಿನ ಮೇಲೆ ಸಹಿ]. ಓದಲಾಗದ ಊರನ್ನು ಊಹಿಸಿ ತುಂಬುವುದು ಬೇಡ.

ಕೊನೆಯಲ್ಲಿ ಅನುವಾದಕರ ದೃಢೀಕರಣ. ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ಎರಡೂ ಭಾಷೆ ತಮಗೆ ಬರುತ್ತದೆ ಎಂದು ಅವರು ಬರೆದು ಸಹಿ ಹಾಕಬೇಕು. ಅಮೆರಿಕದ ವಲಸೆ ಇಲಾಖೆ ಕೇಳುವುದು ಇದನ್ನೇ, ನೋಟರಿ ಮುದ್ರೆಯನ್ನಲ್ಲ. ಫೋಟೊ ನೋಡಿ ಮಾಡಿದ ಅನುವಾದವಾದರೆ ಆ ಮಾತನ್ನೂ ಅಲ್ಲೇ ಸೇರಿಸಬೇಕು. ಹೆಸರಿಲ್ಲದ ಪತ್ರದ ಜೊತೆಗೆ ಶಾಲೆಯ ದಾಖಲೆ, ಹೆತ್ತವರ ಅಫಿಡವಿಟ್ ಲಗತ್ತಿಸುವುದು ರೂಢಿ. ಅದು ಅರ್ಜಿದಾರರ ಕೆಲಸ, ಅನುವಾದಕರದ್ದಲ್ಲ.