ಇವತ್ತಿಗೆ ಹತ್ತು ಮುಖ ಸಾಕು

ಭಾನುವಾರ ರಾತ್ರಿ ಬೇಸತ್ತು ಆ್ಯಪ್ ತೆಗೆದುಹಾಕುವುದು, ಬುಧವಾರದ ಹೊತ್ತಿಗೆ ಮತ್ತೆ ಇಳಿಸಿಕೊಳ್ಳುವುದು. ಟಿಂಡರ್, ಬಂಬಲ್, ಹಿಂಜ್ ಬಳಸುವವರಲ್ಲಿ ಈ ಸುತ್ತಿನ ಪರಿಚಯ ಇಲ್ಲದವರು ಕಡಿಮೆ. 2024ರಲ್ಲಿ ಫೋರ್ಬ್ಸ್ ಹೆಲ್ತ್ ಅಮೆರಿಕದ ಸಾವಿರ ಬಳಕೆದಾರರನ್ನು ಮಾತಾಡಿಸಿದಾಗ, ನೂರಕ್ಕೆ 78 ಮಂದಿ ತಮಗೆ ಡೇಟಿಂಗ್ ಆ್ಯಪ್‌ಗಳಿಂದ ಕೆಲವೊಮ್ಮೆಯಾದರೂ ಮನಸ್ಸು ದಣಿಯುತ್ತದೆ ಎಂದರು. ಏಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಅಲ್ಲಿ ಸರಿಯಾದವರೇ ಇಲ್ಲ.

ಇರಬಹುದು. ಆದರೆ ಒಬ್ಬರು ನಮಗೆ ಹಿಡಿಸುತ್ತಾರೋ ಇಲ್ಲವೋ ಎಂಬುದು ಅವರ ಮುಖ ನಮ್ಮೆದುರು ಎಷ್ಟನೆಯದಾಗಿ ಬಂತು ಎಂಬುದರ ಮೇಲೂ ನಿಂತಿರುತ್ತದೆ.

ನೆದರ್‌ಲೆಂಡ್ಸ್‌ನ ಟಿಲ್‌ಬರ್ಗ್ ವಿಶ್ವವಿದ್ಯಾಲಯದ ಟಿಲಾ ಪ್ರಾಂಕ್ ತಮ್ಮ ಸಹಸಂಶೋಧಕರೊಂದಿಗೆ 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಅಳೆಯಿತು. ಒಂಟಿ ಯುವಕ ಯುವತಿಯರಿಗೆ ಆ್ಯಪ್‌ನಲ್ಲಿ ಇರುವಂತೆಯೇ ಒಂದಾದ ಮೇಲೊಂದು ಭಾವಚಿತ್ರ ತೋರಿಸಿ, ಬೇಕು ಅಥವಾ ಬೇಡ ಎನ್ನಲು ಹೇಳಲಾಯಿತು. ಮೊದಲ ಚಿತ್ರದಿಂದ ಕೊನೆಯ ಚಿತ್ರದವರೆಗೆ ಬರುವಷ್ಟರಲ್ಲಿ 'ಬೇಕು' ಎನ್ನುವ ಸಾಧ್ಯತೆ ಸರಾಸರಿ ಶೇ. 27ರಷ್ಟು ಕುಸಿದಿತ್ತು. ನೋಡುತ್ತ ಹೋದಂತೆ ಚಿತ್ರಗಳ ಬಗೆಗಿನ ಸಮಾಧಾನ ಕಡಿಮೆಯಾಗುತ್ತಿತ್ತು. ಅದರ ಜೊತೆಗೆ 'ನನಗೆ ಯಾರಾದರೂ ಸಿಕ್ಕಾರು' ಎಂಬ ನಂಬಿಕೆಯೂ ಸವೆಯುತ್ತಿತ್ತು. ಸಂಶೋಧಕರು ಇದನ್ನು ತಿರಸ್ಕಾರದ ಮನಃಸ್ಥಿತಿ ಎಂದು ಕರೆದರು. ಇದು ವರ್ಷಗಟ್ಟಲೆ ಬಳಸಿದ ಮೇಲೆ ಬಂದ ಕಹಿಯಲ್ಲ, ಒಂದೇ ಕೂರುವಿಕೆಯಲ್ಲಿ ಹುಟ್ಟಿ ಬೆಳೆಯುವಂಥದ್ದು.

ಸೀರೆ ಅಂಗಡಿಯಲ್ಲಿ ನಲವತ್ತನೆಯ ಸೀರೆ ಬಿಡಿಸುವ ಹೊತ್ತಿಗೆ ಅದರ ಅಂಚು ಸೆರಗು ಯಾವುದೂ ಕಣ್ಣಿಗೆ ಹತ್ತುವುದಿಲ್ಲವಲ್ಲ, ಹಾಗೆ. ಇಲ್ಲಿರುವ ವ್ಯತ್ಯಾಸವೆಂದರೆ, ಸೀರೆಯನ್ನು ಬದಿಗೆ ಸರಿಸಿದವರಿಗೆ ತಮ್ಮ ಮೇಲೇ ಅನುಮಾನ ಬರುವುದಿಲ್ಲ. ಮುಖಗಳ ವಿಷಯದಲ್ಲಿ ಬರುತ್ತದೆ. ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ಬೇರೆ ಗುಂಪುಗಳಿಗೆ 11, 31 ಮತ್ತು 91 ಪ್ರೊಫೈಲ್‌ಗಳನ್ನು ತೋರಿಸಿ ನೋಡಿದರು. ಹೆಚ್ಚು ಮುಖ ನೋಡಿದವರಲ್ಲಿ ಒಂಟಿಯಾಗಿ ಉಳಿದುಬಿಡುವ ಭಯ ಹೆಚ್ಚಿತ್ತು, ಆ ಹೊತ್ತಿನ ಆತ್ಮಗೌರವ ಕಡಿಮೆ ಇತ್ತು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಇನ್ನೊಂದು ಪ್ರಯೋಗದಲ್ಲಿ ಆರು ಜನರ ಪೈಕಿ ಒಬ್ಬರನ್ನು ಆರಿಸಿದವರಿಗಿಂತ 24 ಜನರ ಪೈಕಿ ಆರಿಸಿದವರು ಒಂದು ವಾರದ ನಂತರ ತಮ್ಮ ಆಯ್ಕೆಯ ಬಗ್ಗೆ ಹೆಚ್ಚು ಅತೃಪ್ತರಾಗಿದ್ದರು. ಬೇಕಾದರೆ ಆಯ್ಕೆ ಬದಲಿಸಬಹುದು ಎಂಬ ಅವಕಾಶವೂ ಇದ್ದವರ ಅತೃಪ್ತಿ ಎಲ್ಲರಿಗಿಂತ ಜಾಸ್ತಿ.

ಹಾಗಿದ್ದರೂ ಬೆರಳು ನಿಲ್ಲುವುದಿಲ್ಲ. 2012ರಲ್ಲಿ ಬಂದ ಟಿಂಡರ್‌ನ ಸ್ಥಾಪಕರಲ್ಲೊಬ್ಬರಾದ ಜೊನಾಥನ್ ಬಡೀನ್, ಸ್ವೈಪ್ ವಿನ್ಯಾಸದ ಹಿಂದೆ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅವರ ಪಾರಿವಾಳದ ಪ್ರಯೋಗಗಳ ನೆನಪು ಇತ್ತೆಂದು 2018ರ ಒಂದು ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿದ್ದಾರೆ. ಪ್ರತಿ ಸಲ ಕುಕ್ಕಿದಾಗಲೂ ಕಾಳು ಸಿಕ್ಕರೆ ಪಾರಿವಾಳ ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುತ್ತದೆ. ಯಾವ ಸಲ ಸಿಗುತ್ತದೆಂದು ಗೊತ್ತಾಗದಿದ್ದರೆ ಕುಕ್ಕುತ್ತಲೇ ಇರುತ್ತದೆ. ಮ್ಯಾಚ್ ಬರುವುದೂ ಹೀಗೆಯೇ. ಟಿಂಡರ್, ಹಿಂಜ್ ಎರಡರ ಒಡೆತನವೂ ಇರುವ ಮ್ಯಾಚ್ ಗ್ರೂಪ್ ಮೇಲೆ 2024ರ ಫೆಬ್ರವರಿ 14ರಂದು, ಪ್ರೇಮಿಗಳ ದಿನವೇ, ಕ್ಯಾಲಿಫೋರ್ನಿಯಾದಲ್ಲಿ ಮೊಕದ್ದಮೆ ಹೂಡಲಾಯಿತು. ಆ್ಯಪ್‌ಗಳನ್ನು ಚಟ ಹತ್ತುವಂತೆ ರೂಪಿಸಲಾಗಿದೆ ಎಂಬುದು ದೂರು. ಕಂಪನಿ ಅದನ್ನು ಅಲ್ಲಗಳೆಯಿತು.

ಆ್ಯಪ್‌ಗಳಲ್ಲಿ ಈಗಾಗಲೇ ಒಂದು ಮಿತಿ ಇದೆ, ಆದರೆ ಅದು ಇರುವುದು ತಪ್ಪು ಕಡೆ. ಹಣ ಕೊಡದೆ ಹಿಂಜ್ ಬಳಸುವವರು ದಿನಕ್ಕೆ ಎಂಟು ಲೈಕ್ ಮಾತ್ರ ಕಳಿಸಬಹುದು. ಟಿಂಡರ್ ಕೂಡ ಲೈಕ್‌ಗಳನ್ನು ಲೆಕ್ಕ ಇಟ್ಟು ಕೊಡುತ್ತದೆ. 'ಬೇಡ' ಎನ್ನುವುದಕ್ಕೆ ಇಂಥ ಲೆಕ್ಕವಿಲ್ಲ. ಪ್ರಾಂಕ್ ಅವರ ಅಧ್ಯಯನದ ಪ್ರಕಾರ ಮನಸ್ಸನ್ನು ಮುಚ್ಚಿಸುವುದು ಸಾಲುಸಾಲಾಗಿ ಬರುವ ಮುಖಗಳು. ಹಾಗಾಗಿ ಬಳಕೆದಾರರು ತಾವೇ ಹಾಕಿಕೊಳ್ಳಬೇಕಾದ ಕಡಿವಾಣ ಲೈಕ್‌ಗಳಿಗಲ್ಲ, ನೋಡುವ ಒಟ್ಟು ಮುಖಗಳಿಗೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ಇಪ್ಪತ್ತೆಂಟರ ಯುವತಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ಮೆಟ್ರೊದಲ್ಲಿ ಹತ್ತು ನಿಮಿಷ, ಊಟದ ಬಿಡುವಿನಲ್ಲಿ ಹತ್ತು, ಮಲಗುವ ಮುನ್ನ ನಲವತ್ತು: ದಿನಕ್ಕೆ ಒಂದು ಗಂಟೆ ಸ್ವೈಪ್. ಒಂದು ಮುಖಕ್ಕೆ ನಾಲ್ಕು ಸೆಕೆಂಡ್ ಎಂದು ಹಿಡಿದರೆ ದಿನಕ್ಕೆ 900 ಪ್ರೊಫೈಲ್, ವಾರಕ್ಕೆ 6,300. ಇಷ್ಟು ಜನರ ಪೈಕಿ ಒಬ್ಬರ ಹೆಸರೂ ಬೆಳಿಗ್ಗೆ ನೆನಪಿರುವುದಿಲ್ಲ. ನಾಲ್ಕು ಸೆಕೆಂಡಿನಲ್ಲಿ ಮೊದಲ ಫೋಟೊ ಬಿಟ್ಟು ಬೇರೇನನ್ನೂ ಓದಲಾಗುವುದಿಲ್ಲ.

ಇವಳು ವಾರಕ್ಕೆ ನಾಲ್ಕು ಸಂಜೆ, ಒಂದೊಂದು ಸಲ ಹದಿನೈದು ನಿಮಿಷ ಎಂದು ಗೊತ್ತು ಮಾಡಿಕೊಳ್ಳುತ್ತಾಳೆ ಎನ್ನೋಣ. ಮೊದಲ ಐದು ನಿಮಿಷ ಈಗಾಗಲೇ ಮ್ಯಾಚ್ ಆದವರಿಗೆ ಉತ್ತರ ಬರೆಯಲು, ಉಳಿದ ಹತ್ತು ನಿಮಿಷ ಹತ್ತು ಹೊಸ ಪ್ರೊಫೈಲ್‌ಗೆ. ಒಬ್ಬೊಬ್ಬರಿಗೆ ಒಂದು ನಿಮಿಷ ಸಿಗುವುದರಿಂದ ಎಲ್ಲ ಫೋಟೊ ನೋಡಿ, ಬರೆದದ್ದನ್ನೆಲ್ಲ ಓದಬಹುದು. ವಾರಕ್ಕೆ ನಲವತ್ತೇ ಮುಖ. ಆದರೆ ಆ ನಲವತ್ತೂ ಕೂರುವಿಕೆಯ ಆರಂಭದಲ್ಲೇ, ಮನಸ್ಸು ಇನ್ನೂ ತೆರೆದಿರುವಾಗ ಬಂದವು. ಉತ್ತರಕ್ಕೆ ಮೊದಲ ಸ್ಥಾನ ಕೊಟ್ಟದ್ದಕ್ಕೂ ಕಾರಣವಿದೆ. ಮಾತು ಮುಂದುವರಿಯದ ಮ್ಯಾಚ್‌ಗಳು ರಾಶಿ ಬಿದ್ದಷ್ಟೂ ಆ್ಯಪ್ ತೆರೆಯುವುದೇ ಬಾಕಿ ಕೆಲಸದಂತೆ ಕಾಣತೊಡಗುತ್ತದೆ. ಉತ್ತರಿಸದ ಮಾತುಕತೆಗಳು ಬೆಳೆದಾಗ, ಅವನ್ನು ಮುಂದುವರಿಸುವ ಅಥವಾ ಮುಗಿಸುವ ತನಕ ಹೊಸ ಮ್ಯಾಚ್ ತಡೆಯುವ ವ್ಯವಸ್ಥೆಯನ್ನು ಹಿಂಜ್ 2024ರಲ್ಲಿ ತಂದದ್ದು ಇದೇ ಕಾರಣಕ್ಕೆ.

ಮಲಗುವ ಮುನ್ನದ ಹೊತ್ತನ್ನು ಇವಳು ಬೇಕೆಂದೇ ಬಿಟ್ಟಿದ್ದಾಳೆ. ಹಾಸಿಗೆಯಲ್ಲಿ ಬಿದ್ದವರನ್ನು ಎಬ್ಬಿಸಲು ಇಳಿಯಬೇಕಾದ ನಿಲ್ದಾಣ ಬರುವುದಿಲ್ಲ, ಮೀಟಿಂಗೂ ಕಾದಿರುವುದಿಲ್ಲ.

ಫೋನಿನ ಟೈಮರ್ ಇಲ್ಲಿ ಅರ್ಧ ಸಹಾಯ ಮಾಡುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಡಿಜಿಟಲ್ ವೆಲ್‌ಬೀಯಿಂಗ್‌ಗೆ ಹೋಗಿ ಒಂದು ಆ್ಯಪ್‌ಗೆ ದಿನಕ್ಕೆ ಹದಿನೈದು ನಿಮಿಷ ಎಂದು ನಿಗದಿಪಡಿಸಿದರೆ, ಅವಧಿ ಮುಗಿದೊಡನೆ ಆ್ಯಪ್ ಮುಚ್ಚಿಕೊಂಡು ಅದರ ಐಕಾನ್ ಬೂದು ಬಣ್ಣಕ್ಕೆ ತಿರುಗುತ್ತದೆ. ಐಫೋನಿನಲ್ಲಿ ಇದೇ ಕೆಲಸವನ್ನು ಸ್ಕ್ರೀನ್ ಟೈಮ್ ಮಾಡುತ್ತದೆ. ಎರಡರಲ್ಲೂ ಕಳ್ಳದಾರಿ ಇದೆ. ಐಫೋನ್ 'ಮಿತಿ ಕಡೆಗಣಿಸು' ಎಂಬ ಗುಂಡಿಯನ್ನು ಕೈಗೇ ಕೊಡುತ್ತದೆ. ಸ್ಕ್ರೀನ್ ಟೈಮ್‌ಗೆ ಪಾಸ್‌ಕೋಡ್ ಹಾಕಿ, ಆ ಪಾಸ್‌ಕೋಡ್ ಅನ್ನು ಗೆಳತಿಯ ಕೈಯಲ್ಲಿ ಹಾಕಿಸಿದರೆ ಆ ಗುಂಡಿಯ ಆಟ ನಿಲ್ಲುತ್ತದೆ. ಟೈಮರ್ ಎಣಿಸುವುದು ನಿಮಿಷಗಳನ್ನು ಮಾತ್ರ. ಹದಿನೈದು ನಿಮಿಷದಲ್ಲಿ ಇನ್ನೂರು ಮುಖ ಸರಿಸಿಬಿಡುವುದು ಕಷ್ಟವಲ್ಲ, ಆದ್ದರಿಂದ ಹತ್ತರ ಲೆಕ್ಕ ಮನಸ್ಸಿನಲ್ಲೇ ಇಡಬೇಕು.

ನೋಟಿಫಿಕೇಶನ್‌ನದು ಸ್ವಲ್ಪ ಬೇರೆ ಕತೆ. ಎಲ್ಲವನ್ನೂ ಒಮ್ಮೆಲೇ ಮುಚ್ಚಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ, ಆದರೆ ನಮ್ಮ ದೇಶದಲ್ಲೇ ನಡೆದ ಒಂದು ಪ್ರಯೋಗ ಅದನ್ನು ಒಪ್ಪುವುದಿಲ್ಲ. 2019ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಭಾರತದ ಸ್ಮಾರ್ಟ್‌ಫೋನ್ ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸಲಾಯಿತು. ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ ಬರುತ್ತಿದ್ದವು, ಕೆಲವರಿಗೆ ಗಂಟೆಗೊಮ್ಮೆ, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಾಗಿ, ಇನ್ನು ಕೆಲವರಿಗೆ ಬರುತ್ತಲೇ ಇರಲಿಲ್ಲ. ಮೂರು ಸಲ ಪಡೆದವರ ಗಮನ, ಮನಸ್ಸಿನ ಲವಲವಿಕೆ ಮತ್ತು ಫೋನಿನ ಮೇಲಿನ ಹಿಡಿತ ಉತ್ತಮಗೊಂಡವು. ಏನೂ ಬಾರದವರಿಗೆ ಆ ಲಾಭ ಸಿಗಲಿಲ್ಲ, ಬದಲಿಗೆ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಹೆಚ್ಚಿತು.

ಡೇಟಿಂಗ್ ಆ್ಯಪ್‌ಗೆ ಇದನ್ನು ಅನ್ವಯಿಸುವುದು ಹೀಗೆ: ಆ್ಯಪ್‌ನೊಳಗಿನ ನೋಟಿಫಿಕೇಶನ್ ಪಟ್ಟಿಯಲ್ಲಿ 'ಯಾರೋ ನಿಮ್ಮನ್ನು ಮೆಚ್ಚಿದ್ದಾರೆ', ರಿಯಾಯಿತಿ, ಹೊಸ ಸೌಲಭ್ಯ ಇಂಥವನ್ನೆಲ್ಲ ಆರಿಸಿ, ಮೆಸೇಜ್ ಒಂದನ್ನು ಉಳಿಸಿಕೊಳ್ಳುವುದು. ಮೆಸೇಜ್ ಹಿಂದೆ ಮಾತಾಡುತ್ತಿರುವ ಒಬ್ಬ ಮನುಷ್ಯ ಇದ್ದಾನೆ. ಮಿಕ್ಕವು ಬಳಕೆದಾರರನ್ನು ಮತ್ತೆ ಒಳಗೆ ಕರೆತರಲು ಕಂಪನಿ ಹೊಡೆಯುವ ಗಂಟೆಗಳು. ಐಫೋನಿನಲ್ಲಿ ಉಳಿದ ಮೆಸೇಜ್‌ಗಳನ್ನೂ ಗೊತ್ತಾದ ಹೊತ್ತಿಗೆ ಒಟ್ಟಾಗಿ ಬರುವಂತೆ ಇಡಬಹುದು. ಇಲ್ಲೊಂದು ತೊಡಕಿದೆ. ಬಂಬಲ್‌ನಲ್ಲಿ ಮ್ಯಾಚ್ ಆದ 24 ಗಂಟೆಯೊಳಗೆ ಮಾತು ಶುರುವಾಗದಿದ್ದರೆ ಆ ಮ್ಯಾಚ್ ಕಳೆದುಹೋಗುತ್ತದೆ. ಹಾಗಾಗಿ ಅದನ್ನು ಬಳಸುವವರು ಹೊಸ ಮುಖ ನೋಡದ ದಿನವೂ ಎರಡು ನಿಮಿಷ ಮ್ಯಾಚ್‌ಗಳ ಕಡೆ ಕಣ್ಣು ಹಾಯಿಸಬೇಕು. ಊರಿಗೆ ಹೋಗುವಾಗ ಅಥವಾ ಪರೀಕ್ಷೆಯ ವಾರ ಪೂರ್ತಿ ಬಿಡುವು ಬೇಕೆನಿಸಿದರೆ ಬಂಬಲ್‌ನ ಸ್ನೂಜ್, ಹಿಂಜ್‌ನ ಪಾಝ್ ಇವೆ. ಇವು ಪ್ರೊಫೈಲನ್ನು ಇತರರ ಕಣ್ಣಿನಿಂದ ಮರೆಮಾಡುತ್ತವೆ. ಫೋನಿನಿಂದ ಆ್ಯಪ್ ತೆಗೆದರೆ ಪ್ರೊಫೈಲ್ ಅಳಿಸಿಹೋಗುವುದಿಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ.

ದೊಡ್ಡ ನಗರದ ಆಚೆ ಇರುವವರ ಕಷ್ಟ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ಮುಖಗಳು ಮುಗಿಯುವುದಿಲ್ಲ. ಸಣ್ಣ ಊರುಗಳಲ್ಲಿ, ಅಥವಾ ಹೊರದೇಶದಲ್ಲಿ ಕುಳಿತು ಕನ್ನಡ ಬಲ್ಲವರನ್ನೇ ಹುಡುಕುವವರಿಗೆ, ಪಟ್ಟಿ ಬೇಗ ಬರಿದಾಗುತ್ತದೆ. ಆಗ ಕೈ ತಾನಾಗಿ ದೂರದ ಮಿತಿಯನ್ನು ಇಪ್ಪತ್ತು ಕಿಲೋಮೀಟರಿನಿಂದ ನೂರಕ್ಕೆ ಎಳೆಯುತ್ತದೆ. ಹೋಗಿ ಭೇಟಿಯಾಗುವ ಉದ್ದೇಶವಿದ್ದರೆ ಸರಿ, ಸ್ವೈಪ್ ಮಾಡಲು ಏನಾದರೂ ಇರಲಿ ಎಂದಾದರೆ ಅದು ದಣಿವನ್ನು ಹಣ ಕೊಡದೆ ಕೊಂಡಂತೆ.

ಮಿತಿ ಹಾಕಿಕೊಂಡರೆ ಮ್ಯಾಚ್ ಹೆಚ್ಚುತ್ತದೆಯೇ? ಗಂಡಸರಿಗೆ ಈ ಪ್ರಶ್ನೆ ಹೆಚ್ಚು ಚುಚ್ಚುತ್ತದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಗ್ಯಾರೆತ್ ಟೈಸನ್ ಮತ್ತು ಸಂಗಡಿಗರು 2016ರಲ್ಲಿ, ತಾವೇ ತಯಾರಿಸಿದ ಪ್ರೊಫೈಲ್‌ಗಳಿಂದ ಟಿಂಡರ್‌ನಲ್ಲಿ ಎಲ್ಲರಿಗೂ ಲೈಕ್ ಕೊಟ್ಟು ನೋಡಿದರು. ಹೆಣ್ಣಿನ ಪ್ರೊಫೈಲ್‌ಗಳಿಗೆ ನೂರಕ್ಕೆ ಸುಮಾರು ಹತ್ತು ಮ್ಯಾಚ್ ಬಂದರೆ, ಗಂಡಿನ ಪ್ರೊಫೈಲ್‌ಗಳಿಗೆ ನೂರಕ್ಕೆ ಒಂದೂ ಬರಲಿಲ್ಲ. ಮ್ಯಾಚ್ ಸಿಗದ ಗಂಡಸರು ಸಿಕ್ಕಸಿಕ್ಕವರಿಗೆ ಲೈಕ್ ಒತ್ತುತ್ತಾರೆ. ಲೈಕ್‌ಗಳ ಹೊಳೆಯಲ್ಲಿ ಮುಳುಗಿದ ಹೆಂಗಸರು ಮತ್ತಷ್ಟು ಬಿಗಿಯಾಗುತ್ತಾರೆ. ವಾರಕ್ಕೆ ನಲವತ್ತು ಮುಖಗಳ ಮಿತಿ ಈ ಲೆಕ್ಕವನ್ನು ಬದಲಿಸಲಾರದು. ಗಂಡಸರಿಗೆ ವಾರಗಟ್ಟಲೆ ಒಂದೂ ಮ್ಯಾಚ್ ಬಾರದಿರಬಹುದು. ಉಳಿಯುವುದು ಗಂಟೆಗಳು, ಮತ್ತು ಗಮನವಿಟ್ಟು ಓದಿ ಬರೆದ ಮೊದಲ ಮೆಸೇಜ್‌ಗೆ ಸಿಗಬಹುದಾದ ಉತ್ತರ.

ದಣಿವಿನ ಬೇರು ಆ್ಯಪ್‌ನ ಹೊರಗಿದ್ದಾಗ ಯಾವ ಟೈಮರ್ ಕೂಡ ಸಾಲದು. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಲೀಸೆಲ್ ಶರಾಬಿ ಮತ್ತು ಸಹೋದ್ಯೋಗಿಗಳು ಆ್ಯಪ್ ಬಳಕೆದಾರರನ್ನು ಹನ್ನೆರಡು ವಾರ ಹಿಂಬಾಲಿಸಿದಾಗ, ವಾರ ಕಳೆದಂತೆ ಭಾವನಾತ್ಮಕ ಬಳಲಿಕೆಯೂ 'ನನ್ನಿಂದಾಗದು' ಎಂಬ ಭಾವವೂ ಏರಿದ್ದು ಕಂಡಿತು. ಮೊದಲೇ ಖಿನ್ನತೆ, ಆತಂಕ ಅಥವಾ ಒಂಟಿತನ ಇದ್ದವರಲ್ಲಿ ಅದು ಇನ್ನೂ ಜೋರಾಗಿತ್ತು. ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಹತ್ತು ಮುಖ ನೋಡಿ ಫೋನ್ ಕೆಳಗಿಟ್ಟ ಅರ್ಧ ಗಂಟೆಗೆ ಬೇಸರ ಇಳಿದುಹೋದರೆ ಅದು ಸ್ವೈಪಿನ ದಣಿವು. ಆ್ಯಪ್ ಮುಟ್ಟದ ದಿನಗಳಲ್ಲೂ ಅದೇ ಭಾರ ಎದೆಯ ಮೇಲಿದ್ದು, ನಿದ್ದೆ, ಊಟ, ಗೆಳೆಯರ ಸಂಗ ಯಾವುದೂ ರುಚಿಸದೆ ಎರಡು ವಾರ ಕಳೆದರೆ, ಬದಲಿಸಬೇಕಾದದ್ದು ಆ್ಯಪ್ ಸೆಟ್ಟಿಂಗ್ ಅಲ್ಲ. ಆಪ್ತಸಮಾಲೋಚಕರನ್ನು ಕಾಣಬೇಕು, ಇಲ್ಲವೇ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.