ಇಪ್ಪತ್ತೊಂದು ಸೆಂಟಿಮೀಟರ್ ಅಲೆ ಖೋಡದ್ ತಲುಪುವ ಹೊತ್ತಿಗೆ

ಪುಣೆಯಿಂದ ನಾಸಿಕ್ ರಸ್ತೆಯಲ್ಲಿ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಸಿಗುತ್ತದೆ. ಅಲ್ಲಿಂದ ಖೋಡದ್ ಕಡೆ ತಿರುಗಿದರೆ ಹೊಲಗಳ ನಡುವೆ ದೊಡ್ಡ ದೊಡ್ಡ ಬಟ್ಟಲುಗಳು ಕಾಣುತ್ತವೆ. ಇದೇ ಜಿಎಂಆರ್‌ಟಿ ರೇಡಿಯೊ ದೂರದರ್ಶಕ: 45 ಮೀಟರ್ ಅಗಲದ 30 ಬಟ್ಟಲುಗಳು, ಸುಮಾರು 25 ಕಿಲೋಮೀಟರ್ ಹರವಿನಲ್ಲಿ.

ನೋಡಿದವರಿಗೆಲ್ಲ ಬರುವ ಅನುಮಾನ ನನಗೂ ಬಂದಿತ್ತು: ಇದು ಬರೀ ತಂತಿಯ ಜಾಲರಿಯಲ್ಲವೇ, ಕನ್ನಡಿ ಎಲ್ಲಿ? ಜಾಲರಿಯೇ ಕನ್ನಡಿ. ಬೆಳಕು ಅದರ ಕಿಂಡಿಗಳಲ್ಲಿ ನುಸುಳಿ ಹೋಗುತ್ತದೆ. ಆದರೆ ಗೇಣುದ್ದದ ರೇಡಿಯೊ ಅಲೆಗೆ ಆ ಕಿಂಡಿಗಳು ಇದ್ದೂ ಇಲ್ಲದಂತೆ. ಅದು ಬಡಿದು ಹಿಂದಿರುಗುತ್ತದೆ.

ಆ ಅಲೆಗಳಲ್ಲಿ ಮುಖ್ಯವಾದದ್ದು ಹೈಡ್ರೋಜನ್‌ನದು. ನಕ್ಷತ್ರಗಳು ಹುಟ್ಟುವುದು ಹೈಡ್ರೋಜನ್ ಅನಿಲದಿಂದ. ಆದರೆ ತಣ್ಣಗಿರುವ ಹೈಡ್ರೋಜನ್ ಕಣ್ಣಿಗೆ ಕಾಣುವ ಬೆಳಕನ್ನು ಸೂಸುವುದಿಲ್ಲ. ಹಾಗಾಗಿ ಬೆಳಕಿನ ದೂರದರ್ಶಕ ಉರಿಯುತ್ತಿರುವ ಒಲೆಯನ್ನು ತೋರಿಸುತ್ತದೆ, ಪಕ್ಕದಲ್ಲಿ ಒಟ್ಟಿರುವ ಸೌದೆಯನ್ನಲ್ಲ. ಹೈಡ್ರೋಜನ್ ಪರಮಾಣುವಿನಲ್ಲಿರುವುದು ಒಂದು ಪ್ರೋಟಾನ್, ಒಂದು ಇಲೆಕ್ಟ್ರಾನ್. ಎರಡಕ್ಕೂ ಪುಟ್ಟ ಅಯಸ್ಕಾಂತದಂಥ ಗುಣವಿದೆ. ಇಲೆಕ್ಟ್ರಾನ್‌ನ ದಿಕ್ಕು ತಿರುವುಮುರುವಾದಾಗ 21 ಸೆಂಟಿಮೀಟರ್ ಉದ್ದದ ಅಲೆ ಹೊರಡುತ್ತದೆ. ಅದರ ಆವರ್ತನ 1420 ಮೆಗಾಹರ್ಟ್ಸ್. ಒಂಟಿ ಪರಮಾಣು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷ ಬೇಕು. ಗೆಲಾಕ್ಸಿಯಲ್ಲಿ ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಮಾತ್ರ ಅದು ನಮಗೆ ಕೇಳಿಸುತ್ತದೆ.

ದೂರ ಹೆಚ್ಚಿದಷ್ಟೂ ಈ ದನಿ ಕ್ಷೀಣ. 2023ರ ಜನವರಿಯಲ್ಲಿ ಸುದ್ದಿಯಾದ ಒಂದು ಪತ್ತೆಯನ್ನು ನೋಡಿ. ಅರ್ನಬ್ ಚಕ್ರವರ್ತಿ ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿಯ ನಿರುಪಮ್ ರಾಯ್ ಜಿಎಂಆರ್‌ಟಿಯನ್ನು SDSSJ0826+5630 ಎಂಬ ಗೆಲಾಕ್ಸಿಯತ್ತ ತಿರುಗಿಸಿದ್ದರು. ಅಲ್ಲಿಂದ ಅಲೆ ಹೊರಟು ಸುಮಾರು 880 ಕೋಟಿ ವರ್ಷಗಳಾಗಿದ್ದವು. ಅಷ್ಟರಲ್ಲಿ ವಿಶ್ವ ಹಿಗ್ಗಿದ್ದರಿಂದ ಅಲೆಯೂ 2.29 ಪಟ್ಟು ಹಿಗ್ಗಿತ್ತು. 21 ಸೆಂಟಿಮೀಟರ್ ಇದ್ದದ್ದು 48 ಆಯಿತು, 1420ನ್ನು 2.29ರಿಂದ ಭಾಗಿಸಿದರೆ 620 ಮೆಗಾಹರ್ಟ್ಸ್. ಎಲ್ಲಿ ಕಿವಿಗೊಡಬೇಕೆಂದು ಈ ಲೆಕ್ಕ ಹೇಳುತ್ತದೆ. ಆದರೆ ಆ 2.29 ಸಿಕ್ಕಿದ್ದು ಬೆಳಕಿನ ದೂರದರ್ಶಕದ ಅಳತೆಯಿಂದಲೇ. ಒಂದರ ಕೆಲಸ ಇನ್ನೊಂದಕ್ಕೆ ಬೇಕು.

ಅಷ್ಟಾದರೂ ದನಿ ಕೇಳುತ್ತಿರಲಿಲ್ಲ. ನಡುವೆ ಇದ್ದ ಇನ್ನೊಂದು ಗೆಲಾಕ್ಸಿಯ ಗುರುತ್ವ ಭೂತಗನ್ನಡಿಯಂತೆ ಕೆಲಸ ಮಾಡಿ ಅದನ್ನು ಸುಮಾರು 30 ಪಟ್ಟು ಹೆಚ್ಚಿಸಿತ್ತು. ಇನ್ನೊಂದು ತೊಡಕೂ ಇದೆ. 1420ರ ಸುತ್ತಲಿನ ಪಟ್ಟಿಯನ್ನು ಖಗೋಳ ವಿಜ್ಞಾನಕ್ಕೆಂದು ಕಾಯ್ದಿರಿಸಲಾಗಿದೆ, 620ಕ್ಕೆ ಆ ರಕ್ಷಣೆ ಇಲ್ಲ. ಅಲ್ಲಿ ಮನುಷ್ಯರ ಗದ್ದಲ ಸೇರಬಹುದು. ಬೇರ್ಪಡಿಸಲು ಒಂದು ಸುಳಿವಿದೆ: ಆಕಾಶದ ಅಲೆ ಗೆಲಾಕ್ಸಿ ಇರುವ ಬಿಂದುವಿನಿಂದಲೇ ಬರುತ್ತದೆ, ಭೂಮಿ ತಿರುಗಿದಂತೆ ಅದರೊಂದಿಗೇ ಸರಿಯುತ್ತದೆ. ಊರಿನ ಗದ್ದಲ ಹಾಗೆ ಸರಿಯುವುದಿಲ್ಲ.

ಕೊನೆಗೆ ತೂಗಿದಾಗ, ಆ ಗೆಲಾಕ್ಸಿಯ ಹೈಡ್ರೋಜನ್ ಅನಿಲ ಅದರ ನಕ್ಷತ್ರಗಳೆಲ್ಲದರ ಸುಮಾರು ಎರಡು ಪಟ್ಟು ಇತ್ತು. ಬೆಳಕಿನ ಚಿತ್ರದಲ್ಲಿ ಕಂಡದ್ದಕ್ಕಿಂತ ಕಾಣದೆ ಉಳಿದದ್ದೇ ಹೆಚ್ಚು.