ಹಾಲಿನ ಚೀಟಿಯಿಂದ ಎಕ್ಸೆಲ್‌ಗೆ: ಫೋನ್ ಸಾಕೇ, ಬೇರೆ ಸಾಫ್ಟ್‌ವೇರ್ ಬೇಕೇ?

ನಮ್ಮ ಚಿಕ್ಕಮ್ಮ ಎರಡು ಹಸು ಸಾಕಿದ್ದಾರೆ. ಹಾಲು ಹಾಕುವ ಡೈರಿಯವರು ಬಟವಾಡೆ ದಿನ ಒಂದು ಉದ್ದನೆಯ ಚೀಟಿ ಕೊಡುತ್ತಾರೆ. ದಿನಾಂಕ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ ಎಂದು ಆರು ಕಾಲಂ, ಹತ್ತು ದಿನಕ್ಕೆ ಹತ್ತು ಸಾಲು. ಮೊನ್ನೆ ಹೋದಾಗ ಚೀಟಿ ಕೈಗಿಟ್ಟು, ‘ಇದನ್ನ ಕಂಪ್ಯೂಟರ್‌ಗೆ ಹಾಕಿಕೊಡಪ್ಪ, ಫ್ಯಾಟ್ ಯಾವಾಗ ಇಳೀತು ಅಂತ ನೋಡಬೇಕು’ ಎಂದರು. ಅರವತ್ತು ಚೌಕದ ಪುಟ್ಟ ಪಟ್ಟಿ. ಜೇಬಲ್ಲಿ ಸ್ಕ್ಯಾನರ್ ಇರುವ ಫೋನ್ ಇತ್ತು, ಚೀಲದ ಲ್ಯಾಪ್‌ಟಾಪ್‌ನಲ್ಲಿ ಪಟ್ಟಿಗಳನ್ನು ಹೊರತೆಗೆಯಲೆಂದೇ ಇರುವ ಸಾಫ್ಟ್‌ವೇರ್ ಇತ್ತು. ಯಾವುದನ್ನು ಹಿಡಿಯುವುದು?

ದೊಡ್ಡ ಸಾಫ್ಟ್‌ವೇರ್ ಆದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂದು ಮೊದಲು ಅನ್ನಿಸುವುದು ಸಹಜ. ಆದರೆ ನೋಡಬೇಕಾದದ್ದು ಪಟ್ಟಿ ನಮ್ಮ ಕೈಗೆ ಯಾವ ರೂಪದಲ್ಲಿ ಬಂದಿದೆ ಎಂಬುದನ್ನು. ಬ್ಯಾಂಕಿನವರು ಇಮೇಲ್ ಮಾಡುವ ಸ್ಟೇಟ್‌ಮೆಂಟ್ ಕಂಪ್ಯೂಟರಿನಲ್ಲೇ ಹುಟ್ಟಿದ ಪಿಡಿಎಫ್. ಅದರೊಳಗೆ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ. ಚೀಟಿಯನ್ನು ಸ್ಕ್ಯಾನ್ ಮಾಡಿದಾಗ ಸಿಗುವುದೂ ಪಿಡಿಎಫ್ಫೇ, ಆದರೆ ಅದು ಬರೀ ಚಿತ್ರ. ಎರಡನ್ನೂ ಬೇರೆ ಮಾಡಿ ತಿಳಿಯುವುದು ಸುಲಭ. ಪಿಡಿಎಫ್ ತೆರೆದು ಚೆನ್ನಾಗಿ ಹಿಗ್ಗಿಸಿ ನೋಡಿ. ಅಂಕಿಯ ಅಂಚು ಎಷ್ಟು ಹಿಗ್ಗಿಸಿದರೂ ಚೂಪಾಗಿಯೇ ಇದ್ದರೆ ಒಳಗೆ ಅಕ್ಷರವಿದೆ; ಚುಕ್ಕಿ ಚುಕ್ಕಿಯಾಗಿ ಒಡೆದರೆ ಅದು ಚಿತ್ರ.

ಟಬ್ಯುಲಾ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಸರ್ಕಾರಿ ಪಿಡಿಎಫ್‌ಗಳಲ್ಲಿ ಸಿಕ್ಕಿಕೊಂಡ ಅಂಕಿಗಳನ್ನು ಬಿಡಿಸಿಕೊಳ್ಳಲು ಪತ್ರಕರ್ತರಿಗಾಗಿ ಮಾಡಿದ್ದು. ಪಿಡಿಎಫ್ ಹಾಕಿ, ಪಟ್ಟಿಯ ಸುತ್ತ ಮೌಸಿನಿಂದ ಒಂದು ಚೌಕಟ್ಟು ಎಳೆದರೆ ಸಾಲು ಕಾಲಂಗಳನ್ನು ಬಿಡಿಸಿ ಕೊಡುತ್ತದೆ. ನಿಜ ಹೇಳಬೇಕೆಂದರೆ ಸಾಮಾನ್ಯವಾಗಿ ಪಿಡಿಎಫ್ ಒಳಗೆ ಪಟ್ಟಿ ಎಂಬ ವಸ್ತುವೇ ಇರುವುದಿಲ್ಲ. ಈ ಅಂಕಿ ಹಾಳೆಯ ಈ ಜಾಗದಲ್ಲಿ, ಆ ಗೆರೆ ಆ ಜಾಗದಲ್ಲಿ ಎಂಬ ಲೆಕ್ಕ ಮಾತ್ರ. ಗೆರೆ ಎಳೆದ ಪಟ್ಟಿಯಾದರೆ ಅದರಲ್ಲಿ Lattice ಆರಿಸಬೇಕು, ಆಗ ಗೆರೆಗಳನ್ನೇ ಗೋಡೆ ಎಂದು ಹಿಡಿಯುತ್ತದೆ. ಗೆರೆ ಇಲ್ಲದಿದ್ದರೆ Stream. ಆಗ ಅಂಕಿಗಳ ನಡುವಿನ ಖಾಲಿ ಜಾಗ ನೋಡಿ ಕಾಲಂ ಊಹಿಸುತ್ತದೆ. ಕಾಲಂ ಊಹೆ ತಪ್ಪಬಹುದು, ಅಂಕಿ ಮಾತ್ರ ಪಿಡಿಎಫ್‌ನಲ್ಲಿ ಇದ್ದ ಹಾಗೇ ಬರುತ್ತದೆ, ಏಕೆಂದರೆ ಅದು ಯಾವುದನ್ನೂ ಕಣ್ಣಿನಿಂದ ‘ಓದು’ತ್ತಿಲ್ಲ. ಅದೇ ಕಾರಣಕ್ಕೆ ಸ್ಕ್ಯಾನ್ ಮಾಡಿದ ಚಿತ್ರ ಕೊಟ್ಟರೆ ಟಬ್ಯುಲಾ ಕೈಚೆಲ್ಲುತ್ತದೆ. ಚಿಕ್ಕಮ್ಮನ ಚೀಟಿಗೆ ಅದು ನಿರುಪಯೋಗಿ. ಚಿತ್ರದಿಂದಲೂ ಪಟ್ಟಿ ತೆಗೆಯುವ ದುಡ್ಡಿನ ಸಾಫ್ಟ್‌ವೇರ್‌ಗಳಿವೆ, ಆದರೆ ಹತ್ತು ಸಾಲಿಗೆ ಯಾರು ಚಂದಾ ಕಟ್ಟುತ್ತಾರೆ?

ಸರಿ, ಫೋನ್ ಹಿಡಿದೆ. ಫೋನಿನ ಸ್ಕ್ಯಾನರ್ ಮಾಡುವ ಕೆಲಸ ಇಷ್ಟೇ: ಕಾಗದದ ನಾಲ್ಕು ಮೂಲೆ ಹುಡುಕಿ, ಸೊಟ್ಟಗಿರುವುದನ್ನು ನೆಟ್ಟಗೆ ಮಾಡಿ, ಬಿಳುಪು ಕಪ್ಪನ್ನು ಎದ್ದು ಕಾಣಿಸುವುದು. ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಕಪ್ಪು ಬಿಳುಪು ಫಿಲ್ಟರ್ ಹಾಕಿದರೆ ಚಿತ್ರ ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಮಸುಕಾದ ದಶಮಾಂಶದ ಚುಕ್ಕಿ ಅದರ ಜೊತೆಗೇ ಅಳಿಸಿಹೋಗುತ್ತದೆ. 4.1 ಇದ್ದ ಫ್ಯಾಟ್ 41 ಆಗುತ್ತದೆ. ಬಣ್ಣದ ಚಿತ್ರವಾಗಿಯೇ ಬಿಡುವುದು ಮೇಲು. ಸುರುಳಿ ಸುತ್ತಿಕೊಳ್ಳುವ ಚೀಟಿಯನ್ನು ಎರಡು ಕಡೆ ಸ್ಟೀಲ್ ಲೋಟ ಇಟ್ಟು ಚಪ್ಪಟೆ ಮಾಡಿದೆ.

ಚಿತ್ರದಿಂದ ಅಕ್ಷರ ನಕಲು ಮಾಡುವ ಸೌಲಭ್ಯ ಈಗ ಹಲವು ಫೋನುಗಳಲ್ಲಿದೆ. ನಕಲು ಮಾಡಿ ಶೀಟಿಗೆ ಅಂಟಿಸಿದೆ. ಕಾಲಂಗಳೆಲ್ಲ ಮಾಯವಾಗಿ ಅಂಕಿಗಳು ಒಂದರ ಕೆಳಗೊಂದು ಒಂದೇ ಸಾಲಾಗಿ ಇಳಿದವು. ಎಣಿಸಿದರೆ ಅರವತ್ತಲ್ಲ, 59. ಏಳನೇ ದಿನದ ಫ್ಯಾಟ್ ಅಂಕಿ ಚೀಟಿಯಲ್ಲಿ ಅಚ್ಚಾಗಿರಲೇ ಇಲ್ಲ. ಅಕ್ಷರ ಓದುವ ಯಂತ್ರಕ್ಕೆ ಖಾಲಿ ಚೌಕ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಓದಲು ಏನೂ ಇಲ್ಲ. ಹಾಗೇ ಆರಾರು ಅಂಕಿಯಂತೆ ಜೋಡಿಸಿದ್ದರೆ ಏಳನೇ ಸಾಲಿನಿಂದ ಎಲ್ಲವೂ ಒಂದು ಚೌಕ ಎಡಕ್ಕೆ ಸರಿದು, ಎಸ್‌ಎನ್‌ಎಫ್ 8.6 ಫ್ಯಾಟ್ ಕಾಲಂನಲ್ಲಿ ಕೂತಿರುತ್ತಿತ್ತು. ಆಗ ಚಿಕ್ಕಮ್ಮನ ಹಸು ಎಮ್ಮೆಯನ್ನೂ ಮೀರಿಸುತ್ತಿತ್ತು.

ಎರಡನೇ ಪ್ರಯತ್ನ ಫೋನಿನ ಎಕ್ಸೆಲ್ ಆ್ಯಪ್‌ನಲ್ಲಿ. ಅದರಲ್ಲಿ Data from Picture ಎಂಬ ಸೌಲಭ್ಯವಿದೆ. ಫೋಟೊ ತೆಗೆದರೆ ಅಂಕಿಗಳನ್ನು ಕಾಲಂ ಸಮೇತ ಶೀಟಿಗೆ ಇಳಿಸುತ್ತದೆ, ಅನುಮಾನ ಬಂದ ಚೌಕಗಳನ್ನು ಗುರುತು ಹಾಕಿ ತೋರಿಸುತ್ತದೆ. ಕನ್ನಡದ ತಲೆಬರಹಗಳು ಹಾಳಾದವು, ಅವನ್ನು ನಾನೇ ಟೈಪ್ ಮಾಡಿದೆ. ಖಾಲಿ ಚೌಕ ಮಾತ್ರ ಖಾಲಿಯಾಗಿಯೇ ತನ್ನ ಜಾಗದಲ್ಲಿತ್ತು.

ಆದರೆ ಯಂತ್ರ ಅನುಮಾನಪಡದೆ ಮಾಡುವ ತಪ್ಪೂ ಇರುತ್ತದೆ. ಅದನ್ನು ಹಿಡಿಯಲು ಚೀಟಿಯೇ ದಾರಿ ಕೊಡುತ್ತದೆ: ಲೀಟರನ್ನು ದರದಿಂದ ಗುಣಿಸಿದರೆ ಮೊತ್ತ ಬರಲೇಬೇಕು. ಲೀಟರ್ ಬಿ ಕಾಲಂ, ದರ ಇ ಕಾಲಂ, ಮೊತ್ತ ಎಫ್ ಕಾಲಂ ಆದರೆ, ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಬರೆದು ಕೆಳಗೆ ಎಳೆದರಾಯಿತು:

```
=ROUND(B2*E2,2)-F2
```

ಎಲ್ಲ ಸಾಲಿನಲ್ಲೂ ಸೊನ್ನೆ ಬರಬೇಕಿತ್ತು. ನಾಲ್ಕನೇ ದಿನದ ಸಾಲಿನಲ್ಲಿ 70.40 ಬಂತು. ಆ ದಿನದ ದರ 35.20. 70.40 ಎಂದರೆ ಸರಿಯಾಗಿ ಎರಡು ಲೀಟರಿನ ಹಣ. ಶೀಟಿನಲ್ಲಿ 8.3 ಲೀಟರ್ ಎಂದಿತ್ತು, ಚೀಟಿಯಲ್ಲಿ 6.3, ಮಸುಕಾದ 6 ಅನ್ನು ಯಂತ್ರ 8 ಎಂದು ಓದಿತ್ತು. ಚೀಟಿಯಲ್ಲಿದ್ದ ಮೊತ್ತ 221.76, ಲೆಕ್ಕ ತಾಳೆಯಾಯಿತು.

ಫ್ಯಾಟ್ ಮತ್ತು ಎಸ್‌ಎನ್‌ಎಫ್ ಈ ಸೂತ್ರದಲ್ಲಿ ಬರುವುದಿಲ್ಲ, ಹಾಗಾಗಿ 4.1 ಹೋಗಿ 4.7 ಆಗಿದ್ದರೆ ಅದು ಸದ್ದಿಲ್ಲದೆ ದಾಟಿಬಿಡುತ್ತದೆ. ಚಿಕ್ಕಮ್ಮನಿಗೆ ಬೇಕಾಗಿದ್ದದ್ದೇ ಫ್ಯಾಟ್. ಕೊನೆಗೆ ನಾನು ಶೀಟ್ ನೋಡಿ ಓದಿದೆ, ಅವರು ಕನ್ನಡಕ ಹಾಕಿಕೊಂಡು ಚೀಟಿ ನೋಡಿ ‘ಹೂಂ, ಹೂಂ’ ಎಂದರು. ಇಪ್ಪತ್ತು ಚೌಕಕ್ಕೆ ಒಂದು ನಿಮಿಷವೂ ಆಗಲಿಲ್ಲ.

ಕುತೂಹಲಕ್ಕೆ ಅದೇ ಚೀಟಿಯನ್ನು ಕೈಯಲ್ಲೇ ಟೈಪ್ ಮಾಡಿ ನೋಡಿದೆ. ಏಳು ನಿಮಿಷ. ಫೋನಿನಲ್ಲಿ ಫೋಟೊ, ತಿದ್ದುಪಡಿ, ತಾಳೆ ಎಲ್ಲ ಸೇರಿ ಎಂಟು ನಿಮಿಷ ಆಗಿತ್ತು. ಹಾಗಾಗಿ ನನ್ನ ತೀರ್ಮಾನ: ಕಾಗದದ ಮೇಲಿನ ಐವತ್ತು ಅರವತ್ತು ಚೌಕದ ಪಟ್ಟಿಯನ್ನು ಟೈಪ್ ಮಾಡಿಬಿಡಿ, ಅದರ ಎರಡು ಮೂರು ಪಟ್ಟಾದರೆ ಫೋನಿನ ಎಕ್ಸೆಲ್ ಲಾಭ. ಟಬ್ಯುಲಾದಂಥದ್ದನ್ನು ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳುವುದು ಅಕ್ಷರವಿರುವ ಪಿಡಿಎಫ್ ನಿಮಗೆ ಮತ್ತೆ ಮತ್ತೆ ಬರುವುದಾದರೆ ಮಾತ್ರ. ಅಂಥ ಪಿಡಿಎಫ್ ಇದ್ದೂ ಪರದೆಯ ಫೋಟೊ ಹೊಡೆದು ಓದಿಸುವವರನ್ನು ನೋಡಿದ್ದೇನೆ. ಸರಿಯಾಗಿರುವ ಅಂಕಿಯನ್ನು ಕೈಯಾರೆ ಅನುಮಾನಕ್ಕೆ ದೂಡಿದ ಹಾಗೆ. ಇನ್ನು ಪಿಡಿಎಫ್ ಅಪ್‌ಲೋಡ್ ಮಾಡಿದರೆ ಎಕ್ಸೆಲ್ ಕೊಡುವ ಬಿಟ್ಟಿ ಜಾಲತಾಣಗಳಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಬೇಡಿ. ಟಬ್ಯುಲಾ ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮುಗಿಸುತ್ತದೆ.

ಟೈಪ್ ಮಾಡಿದರೂ ಸ್ಕ್ಯಾನ್ ಮಾತ್ರ ಬಿಡಬೇಡಿ. ಇಂಥ ಚೀಟಿಗಳು ಬಿಸಿಯಿಂದ ಅಕ್ಷರ ಮೂಡಿಸುವ ಕಾಗದದವು, ಕೆಲವು ತಿಂಗಳಿಗೇ ಮಸುಕಾಗುತ್ತವೆ. ಚಿಕ್ಕಮ್ಮ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಚೀಟಿಗಳನ್ನೂ ತಂದು ಕೊಟ್ಟರು. ಅವುಗಳಲ್ಲಿ ಅರ್ಧದಷ್ಟು ಆಗಲೇ ಬಿಳಿ ಹಾಳೆಯಾಗಿದ್ದವು.